ಮಧ್ಯಾಹ್ನ ಆದ್ರೆ ನೆಟ್ ಸ್ಲೋ, ಆಫ್ ಮಾಡಿ ಆನ್ ಮಾಡಿದ್ರೆ ಸರಿ: ಹೊಸ ರೂಟರ್ ತಗೋಬೇಕಾ?

ಪ್ರಶ್ನೆ: "ನಮ್ಮ ಮನಿ ಕಲಬುರಗಿಯೊಳಗ, ಮ್ಯಾಲಿನ ಮಹಡಿ. ರೂಟರ್ ತಗೊಂಡು ಐದು ವರ್ಷ ಆತು. ಮುಂಜಾನೆ ನೆಟ್ ಛಲೋ ಬರ್ತದ. ಮಧ್ಯಾಹ್ನ ಎರಡು ಗಂಟೆ ಆದ್ರ ವಿಡಿಯೊ ಸುತ್ತಕೋತ ಕೂಡ್ತದ. ಆಫ್ ಮಾಡಿ ಆನ್ ಮಾಡಿದ್ರ ಸರಿ ಆಗ್ತದ, ಸ್ವಲ್ಪ ಹೊತ್ತಿಗೆ ಮತ್ತ ಅದೇ ಕಥಿ. ಅಂಗಡಿಯವರು ಹೊಸದು ತಗೋರಿ ಅಂತಾರ. ತಗೋಬೇಕೇನ್ರೀ?"

ಉತ್ತರ: ಇವತ್ತೇ ತಗೋಬೇಡಿ. ಮೊದಲು ಒಂದು ಟೇಬಲ್ ಫ್ಯಾನ್ ತಗೊಂಡು ಬನ್ನಿ.

ತಮಾಷೆ ಅಲ್ಲ. "ಆಫ್ ಮಾಡಿ ಆನ್ ಮಾಡಿದ್ರೆ ಸರಿ ಆಗ್ತದೆ" ಅನ್ನೋದರಿಂದ ಏನೂ ಗೊತ್ತಾಗಲ್ಲ. ಯಾಕಂದ್ರೆ ರೂಟರ್ ಆಫ್ ಮಾಡಿದಾಗ ಒಂದೇ ಏಟಿಗೆ ಹಲವು ಕೆಲಸ ಆಗುತ್ತವೆ. ಒಳಗಿನ ಚಿಪ್ ಸ್ವಲ್ಪ ತಣ್ಣಗಾಗುತ್ತದೆ, ಮೆಮೊರಿ ಖಾಲಿ ಆಗುತ್ತದೆ, ನೆಟ್ ಕಂಪನಿಯ ಕಡೆಗೆ ಹೊಸದಾಗಿ ಲಾಗಿನ್ ಆಗುತ್ತದೆ, ವೈಫೈ ಚಾನೆಲ್ಲೂ ಬದಲಾಗಬಹುದು. ಇವುಗಳಲ್ಲಿ ಯಾವುದರಿಂದ ಸರಿ ಹೋಯಿತು ಅಂತ ಹೇಗೆ ಹೇಳೋದು? ಒಂದೊಂದಾಗಿ ಬೇರೆ ಮಾಡಿ ನೋಡಬೇಕು.

ನೆಟ್ ಸ್ಲೋ ಆಗಿರುವ ಹೊತ್ತಲ್ಲೇ, ರೂಟರ್ ಆಫ್ ಮಾಡದೆ, ಅದರ ಮೇಲೆ ನೇರವಾಗಿ ಫ್ಯಾನ್ ಗಾಳಿ ಬಿಡಿ. ಹದಿನೈದಿಪ್ಪತ್ತು ನಿಮಿಷ ಬಿಟ್ಟು ಮತ್ತೆ ಸ್ಪೀಡ್ ನೋಡಿ. ಆಫ್ ಮಾಡಿಲ್ಲ, ಅಂದ್ರೆ ಮೆಮೊರಿ ಹಾಗೇ ಇದೆ, ಲಾಗಿನ್ನೂ ಹಳೆಯದೇ. ಬದಲಾಗಿದ್ದು ಬಿಸಿ ಒಂದೇ. ಸ್ಪೀಡ್ ವಾಪಸ್ ಬಂದರೆ ಸಮಸ್ಯೆ ಹೆಚ್ಚಾಗಿ ಬಿಸಿಯದೇ. ರೂಮಿನ ಗಾಳಿಯೇ 40 ಡಿಗ್ರಿ ಇದ್ದರೂ ಈ ಪರೀಕ್ಷೆ ನಡೆಯುತ್ತದೆ, ಏಕೆಂದರೆ ಡಬ್ಬಿ ಗಾಳಿಗಿಂತ ಜಾಸ್ತಿ ಕಾದಿರುತ್ತದೆ. ಆದರೆ ಕೂಲರ್ ಗಾಳಿ ಮಾತ್ರ ಬಿಡಬೇಡಿ. ಅದರಲ್ಲಿ ತೇವ ಇರುತ್ತದೆ. ನಮ್ಮ ಕಡೆಯ ಗಡಸು ನೀರು ಕೂಲರ್ ಹುಲ್ಲಿನ ಮೇಲೆ ಬಿಳಿ ಪೊರೆ ಕಟ್ಟೋದನ್ನ ನೋಡಿದೀರಲ್ವಾ, ಆ ನೀರಿನ ಹನಿ ಸರ್ಕ್ಯೂಟ್ ಬೋರ್ಡ್ ಮೇಲೆ ಕೂರೋದು ಬೇಡ.

ಎರಡನೇ ಪರೀಕ್ಷೆ ಇದರ ಉಲ್ಟಾ. ಮರುದಿನ ಸ್ಲೋ ಆದಾಗ ಫ್ಯಾನ್ ಹಚ್ಚದೆ, ಹತ್ತೇ ಸೆಕೆಂಡ್ ಆಫ್ ಮಾಡಿ ಆನ್ ಮಾಡಿ. ಹತ್ತು ಸೆಕೆಂಡಲ್ಲಿ ಡಬ್ಬಿ ತಣ್ಣಗಾಗಲ್ಲ, ಆದರೆ ಮೆಮೊರಿ ಖಾಲಿ ಆಗುತ್ತದೆ. ಆಮೇಲೆ ಕಾಲು ಗಂಟೆಯಲ್ಲೇ ಮತ್ತೆ ಸ್ಲೋ ಆದರೆ ಬಿಸಿ. ಎರಡು ಮೂರು ದಿನ ಚೆನ್ನಾಗಿ ನಡೆದು ಆಮೇಲೆ ಸ್ಲೋ ಆದರೆ ಮೆಮೊರಿ ಕಡೆ ಅನುಮಾನ ಪಡಬೇಕು.

ಈ ಎರಡೂ ಪರೀಕ್ಷೆ ಮಾಡುವಾಗ ಇನ್ನೊಂದು ವಿಷಯ ಖಾತ್ರಿ ಮಾಡಿಕೊಳ್ಳಿ, ತೊಂದರೆ ನಿಮ್ಮ ಮನೆಯೊಳಗೇ ಇದೆಯಾ ಅಂತ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಮಕ್ಕಳಿಗೂ ರಜೆ. ಎರಡು ಗಂಟೆ ಹೊತ್ತಿಗೆ ಊರಿಗೆ ಊರೇ ಮನೆಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತದೆ. ಅಂದ್ರೆ ಬಿಸಿಲು ಏರೋದೂ ಆವಾಗಲೇ, ಲೈನ್ ಮೇಲೆ ಲೋಡ್ ಬೀಳೋದೂ ಆವಾಗಲೇ. ಯಾರ ತಪ್ಪಿಗೆ ಯಾರನ್ನೋ ಬೈಯಬಾರದು. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ರೂಟರ್ ಇರುವ ರೂಮಲ್ಲೇ ಕೂತು, `Command Prompt` ತೆರೆದು ಈ ಎರಡು ಕಮಾಂಡ್ ಕೊಡಿ:

```
ping -n 50 192.168.1.1
ping -n 50 8.8.8.8
```

ಮೊದಲನೆಯದು ನಿಮ್ಮ ರೂಟರ್‌ನ ವಿಳಾಸ. ಕೆಲವದರಲ್ಲಿ 192.168.0.1 ಇರುತ್ತದೆ, ಡಬ್ಬಿಯ ತಳದ ಸ್ಟಿಕರ್ ನೋಡಿ. ಎರಡನೆಯದು ಹೊರಗಿನ ಸರ್ವರ್. ಒಂದೇ ರೂಮಿನಿಂದ ರೂಟರ್‌ಗೆ ಹೋಗಿ ಬರೋಕೆ ಕೆಲವೇ ಮಿಲಿಸೆಕೆಂಡ್ ಸಾಕು. ಅಲ್ಲಿಯೇ ನೂರಾರು ಮಿಲಿಸೆಕೆಂಡ್ ತೋರಿಸಿದರೆ, ಅಥವಾ `Request timed out` ಅಂತ ಪದೇ ಪದೇ ಬಂದರೆ ತೊಂದರೆ ರೂಟರ್ ಅಥವಾ ವೈಫೈನದು. ಮೊದಲನೆಯದು ಸಲೀಸಾಗಿ ಹೋಗಿ ಎರಡನೆಯದು ಮಾತ್ರ ಎಳೆದಾಡಿದರೆ ಹೆಚ್ಚಾಗಿ ಲೈನ್‌ನದು, ನೆಟ್‌ನವರಿಗೆ ಫೋನ್ ಮಾಡಿ. ರೂಟರ್ ಬದಲಿಸಿ ಪ್ರಯೋಜನ ಇಲ್ಲ.

ಈಗ ಬಿಸಿಯ ಮಾತಿಗೆ ಬರೋಣ, ನಿಮ್ಮ ಕೇಸಲ್ಲಿ ನನಗೆ ಮೊದಲ ಅನುಮಾನ ಅದರ ಮೇಲೆಯೇ. ಮನೆಗೆ ಬಳಸುವ ರೂಟರ್‌ಗಳ ಕೈಪಿಡಿ ತೆಗೆದು ನೋಡಿ, ಬಹುಪಾಲು ಎಲ್ಲದರಲ್ಲೂ ಕೆಲಸ ಮಾಡುವ ತಾಪಮಾನ 0ರಿಂದ 40 ಡಿಗ್ರಿ ಅಂತ ಇರುತ್ತದೆ. ಅದು ಸುತ್ತಲಿನ ಗಾಳಿಯ ಲೆಕ್ಕ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗೇ 42 ದಾಟುತ್ತದೆ. ಮೇಲಿನ ಮಹಡಿಯ ಸ್ಲ್ಯಾಬ್ ಕೆಳಗೆ, ಪಡುವಣ ಗೋಡೆಯ ಗೂಡಿನಲ್ಲಿ, ಸೆಟ್‌ಟಾಪ್ ಬಾಕ್ಸ್ ಬೆನ್ನ ಮೇಲೆ ಇಟ್ಟರೆ ಕೇಳೋದೇ ಬೇಡ. ಗೂಡಿಗೆ ಶಹಾಬಾದ್ ಕಲ್ಲಿನ ಹಲಗೆ ಇದ್ದರೆ ಇನ್ನೊಂದು ತಮಾಷೆ. ಮಧ್ಯಾಹ್ನ ಕಾದ ಕಲ್ಲೂ ಸ್ಲ್ಯಾಬೂ ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತಿರುತ್ತವೆ. "ರಾತ್ರಿ ಊಟ ಆದಮೇಲೂ ಸ್ಲೋನೇ, ಬಿಸಿಲು ಎಲ್ಲಿದೆ?" ಅಂತ ಕೇಳುವವರಿಗೆ ಇದೇ ಉತ್ತರ.

ಚಿಪ್ ಕಾದಾಗ ಏನಾಗುತ್ತದೆ? ಕೆಲವು ಮಾಡೆಲ್‌ಗಳು ತಾವೇ ಕೆಲಸ ನಿಧಾನ ಮಾಡಿಕೊಳ್ಳುತ್ತವೆ, ಸುಟ್ಟುಹೋಗಬಾರದು ಅಂತ. ಉಳಿದವದರಲ್ಲಿ ವೈಫೈ ಸಿಗ್ನಲ್ ಕಳಿಸುವ ಭಾಗ ತಡವರಿಸುತ್ತದೆ. ಕಳಿಸಿದ ಡೇಟಾ ಸರಿಯಾಗಿ ತಲುಪಲ್ಲ, ಅದನ್ನೇ ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ಮೊಬೈಲ್‌ನಲ್ಲಿ ಸಿಗ್ನಲ್ ಕಡ್ಡಿ ಫುಲ್ ಇದ್ದರೂ ವಿಡಿಯೊ ನಿಂತು ನಿಂತು ಓಡೋದು ಹೀಗೂ ಆಗುತ್ತದೆ.

ಪರಿಹಾರಕ್ಕೆ ದುಡ್ಡು ಬೇಡ. ಗೂಡಿನಿಂದ ಹೊರಗೆ ತನ್ನಿ, ಒಳಗೋಡೆಗೆ ಮೊಳೆ ಹೊಡೆದು ನೇತುಹಾಕಿ, ಸ್ಲ್ಯಾಬ್‌ಗೆ ಅಂಟಿದಂತೆ ಬೇಡ, ತಲೆ ಎತ್ತರಕ್ಕೆ ಸಾಕು. ತಳದ ತೂತುಗಳ ಧೂಳು ಬ್ರಷ್‌ನಿಂದ ತೆಗೆಯಿರಿ. ಮೇಲೆ ಹಾಕಿದ ಕಸೂತಿ ಬಟ್ಟೆ ದಯವಿಟ್ಟು ತೆಗೀರಿ! ಕರೆಂಟ್ ಹೋಗುತ್ತೆ ಅಂತ ಚಿಕ್ಕ ಯುಪಿಎಸ್ ಹಾಕಿದ್ದರೆ ಅದನ್ನ ರೂಟರ್ ಕೆಳಗೆ ಇಡಬೇಡಿ, ಅದೂ ಬಿಸಿಯಾಗುವ ವಸ್ತುವೇ.

ಈ ಓದುಗರ ಜೊತೆ ಫೋನಲ್ಲಿ ಮಾತಾಡಿ ಇದನ್ನೆಲ್ಲ ಮಾಡಿಸಿದೆ. ಫ್ಯಾನ್ ಹಚ್ಚಿದ ಮೇಲೆ ವಿಡಿಯೊ ಸುತ್ತೋದು ನಿಂತಿತು. ಜಾಗ ಬದಲಿಸಿದ ಮೇಲೆ ಮಧ್ಯಾಹ್ನದ ಗೋಳು ಹೋಯಿತು. ಆದರೆ ಒಂದು ಉಳಿಯಿತು. ಕೂಲರ್ ಸ್ವಿಚ್ ಹಾಕಿದ ಕೂಡಲೇ ಒಮ್ಮೊಮ್ಮೆ ರೂಟರ್‌ನ ಎಲ್ಲ ದೀಪ ಆರಿ ಮತ್ತೆ ಹತ್ತುತ್ತಿತ್ತು. ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿದಾಗಲೂ ಹೀಗೇ. ಇದು ಬಿಸಿಯ ಲಕ್ಷಣ ಅಲ್ಲ, ಅಡಾಪ್ಟರ್‌ದು.

ರೂಟರ್‌ಗಿಂತ ಮೊದಲು ಮುದಿಯಾಗೋದು ಎಷ್ಟೋ ಸಲ ಅದರ ಅಡಾಪ್ಟರ್. ಒಳಗೆ ಕೆಪ್ಯಾಸಿಟರ್ ಅಂತ ಸಣ್ಣ ಡಬ್ಬಿಗಳಿರುತ್ತವೆ, ಅವುಗಳಲ್ಲಿ ದ್ರವ ಇರುತ್ತದೆ, ಬಿಸಿಗೆ ಅದು ನಿಧಾನವಾಗಿ ಒಣಗುತ್ತದೆ. ಪ್ರತಿ 10 ಡಿಗ್ರಿ ಹೆಚ್ಚಾದಂತೆ ಅವುಗಳ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಎಲೆಕ್ಟ್ರಾನಿಕ್ಸ್‌ನವರ ಹಳೆಯ ಲೆಕ್ಕ. ಹಾಗಾಗಿ ಐದು ಬೇಸಿಗೆ ಕಂಡ ಅಡಾಪ್ಟರ್ ಸುಮ್ನೆ ಇದ್ದಾಗ 12 ವೋಲ್ಟ್ ತೋರಿಸಿದರೂ, ಲೋಡ್ ಬಿದ್ದಾಗ ಕುಸಿಯಬಹುದು. ಬರೀ ಅಡಾಪ್ಟರ್ ಪಿನ್‌ಗೆ ಮೀಟರ್ ಹಿಡಿದು "ಸರಿ ಅದ" ಅಂದರೆ ನಂಬಬೇಡಿ. ಬೇರೆ ಅಡಾಪ್ಟರ್ ಹಾಕಿ ಕೆಲವು ದಿನ ನೋಡೋದೇ ಸುಲಭದ ಪರೀಕ್ಷೆ.

ಕೊಳ್ಳುವಾಗ ಹಳೆಯದನ್ನ ಜೇಬಲ್ಲಿ ಹಾಕಿಕೊಂಡು ಹೋಗಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವೋಲ್ಟ್ ಅಷ್ಟಕ್ಕಷ್ಟೇ ಇರಬೇಕು, 9 ಇದ್ದರೆ 9, 12 ಇದ್ದರೆ 12. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಲಿ, ಕಡಿಮೆ ಬೇಡ. ಪಿನ್ ಅಳತೆ, ಲೇಬಲ್ ಮೇಲಿನ ಪ್ಲಸ್ ಮೈನಸ್ ಚಿತ್ರ ಎರಡೂ ಹೊಂದಬೇಕು. 9 ವೋಲ್ಟ್ ರೂಟರ್‌ಗೆ 12 ಹಾಕಿ ನೋಡೋಣ ಅಂತ ಹೋದರೆ ಹೊಸ ರೂಟರ್ ಕೊಳ್ಳೋದು ಅವತ್ತೇ ತೀರ್ಮಾನ ಆಗಿಬಿಡಬಹುದು. ಇವರು ಅಡಾಪ್ಟರ್ ಬದಲಿಸಿದರು, ದೀಪ ಆರೋದು ನಿಂತಿತು.

ಮೆಮೊರಿ ಕಥೆ ಇವರದ್ದಲ್ಲ, ಆದರೂ ಒಂದು ಗುರುತು ಹೇಳಿಬಿಡ್ತೀನಿ. ನಿಮ್ಮ ಮನೆಯ ಒಂದೊಂದು ಫೋನೂ ಒಂದೇ ಹೊತ್ತಿಗೆ ಹತ್ತಾರು ಕಡೆ ಸಂಪರ್ಕ ಇಟ್ಟುಕೊಂಡಿರುತ್ತದೆ, ಅವೆಲ್ಲದರ ಪಟ್ಟಿ ರೂಟರ್ ಇಡಬೇಕು. ಸಿಸಿಟಿವಿ, ಟಾರೆಂಟ್ ಇದ್ದರೆ ಪಟ್ಟಿ ಇನ್ನೂ ಉದ್ದ. ಆ ಪಟ್ಟಿ ತುಂಬಿದಾಗ ಹೊಸ ಸಂಪರ್ಕಕ್ಕೆ ಜಾಗ ಇರಲ್ಲ. ಆಗ ಆಗಲೇ ಶುರುವಾದ ವಿಡಿಯೊ ಕಾಲ್ ಆರಾಮಾಗಿ ನಡೀತಿರುತ್ತದೆ, ಹೊಸ ಪೇಜ್ ಮಾತ್ರ ತೆರೆಯಲ್ಲ. ಇದನ್ನ ಕಂಡರೆ ಮೊದಲು ಫರ್ಮ್‌ವೇರ್, ಅಂದ್ರೆ ರೂಟರ್ ಒಳಗಿನ ಸಾಫ್ಟ್‌ವೇರ್, ಅದಕ್ಕೆ ಅಪ್‌ಡೇಟ್ ಇದೆಯಾ ನೋಡಿ. ಸೆಟ್ಟಿಂಗ್‌ನಲ್ಲಿ `Reboot Schedule` ಅಂತ ಇದ್ದರೆ ನಸುಕಿನ ನಾಲ್ಕಕ್ಕೆ ಇಟ್ಟುಬಿಡಿ, ಎಷ್ಟೋ ಹಳೇ ರೂಟರ್ ಇದರಿಂದಲೇ ವರ್ಷಗಟ್ಟಲೆ ದೂಡಿವೆ.

ಹಾಗಾದ್ರೆ ಬದಲಿಸೋದು ಯಾವಾಗ? ತಂಪಾದ ಜಾಗ, ಹೊಸ ಅಡಾಪ್ಟರ್, ಹೊಸ ಫರ್ಮ್‌ವೇರ್ ಮೂರೂ ಆದಮೇಲೂ ದಿನಾ ಆಫ್ ಆನ್ ಮಾಡಬೇಕಾಗಿದ್ದರೆ ಬದಲಿಸಿ. ಕಂಪನಿ ಆ ಮಾಡೆಲ್‌ಗೆ ಅಪ್‌ಡೇಟ್ ಕೊಡೋದು ನಿಲ್ಲಿಸಿದ್ದರೂ ಬದಲಿಸಿ, ಓಡುತ್ತಿದ್ದರೂ ಸರಿ, ಏಕೆಂದರೆ ಅದರಲ್ಲಿ ಸಿಕ್ಕ ಭದ್ರತೆಯ ತೂತುಗಳನ್ನ ಇನ್ನು ಯಾರೂ ಮುಚ್ಚಲ್ಲ. ಮೂರನೆಯದು ನಿಮ್ಮ ಪ್ಲ್ಯಾನ್. ಹಳೆಯ ಅಗ್ಗದ ರೂಟರ್‌ಗಳ ಪೋರ್ಟ್ 100 ಎಂಬಿಪಿಎಸ್‌ನದು. 200ರ ಪ್ಲ್ಯಾನ್ ಹಾಕಿಸಿ ಆ ಡಬ್ಬಿ ಇಟ್ಟುಕೊಂಡರೆ ಅರ್ಧ ದುಡ್ಡು ನೀರಿಗೆ. ಈ ಓದುಗರದ್ದು 50ರ ಪ್ಲ್ಯಾನ್, ಕಂಪನಿ ಅಪ್‌ಡೇಟ್ ಇನ್ನೂ ಕೊಡುತ್ತಿದೆ, ಆದ್ದರಿಂದ ಸದ್ಯ ಬೇಡ ಅಂದೆ. ಮುಂದೆ ತಗೊಂಡರೂ ಗಿಗಾಬಿಟ್ ಪೋರ್ಟ್ ಇರೋದು, 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರೋದು, ಮೈತುಂಬ ಗಾಳಿ ತೂತು ಇರೋದು ನೋಡಿ ತಗೊಳ್ಳಿ. ಆಂಟೆನಾ ಎಣಿಸಬೇಡಿ.

ಫೈಬರ್ ಲೈನ್ ಇದ್ದು ಡಬ್ಬಿ ನೆಟ್‌ನವರೇ ಕೊಟ್ಟಿದ್ದರೆ ಬದಲಿಸೋದೂ ಅವರ ಕೆಲಸವೇ. ಸುಮ್ನೆ "ಸ್ಲೋ ಅದ" ಅಂದರೆ "ಆಫ್ ಮಾಡಿ ಆನ್ ಮಾಡಿ" ಅಂತಾರೆ. ಫ್ಯಾನ್ ಹಚ್ಚಿದಾಗ ಸರಿ ಆಗುತ್ತೆ, ತೆಗೆದಾಗ ಕೆಡುತ್ತೆ, `ping` ರಿಪ್ಲೈ ಇಷ್ಟು ಬರುತ್ತೆ ಅಂತ ಸ್ಕ್ರೀನ್‌ಶಾಟ್ ಸಮೇತ ಹೇಳಿ. ಹೊಸದು ಬಂದಾಗ ಅದರ ಜೊತೆಗಿನ ಅಡಾಪ್ಟರನ್ನೇ ಹಾಕಿಸಿಕೊಳ್ಳಿ, ಹಳೆಯದನ್ನೇ ಚುಚ್ಚಿ ಹೋಗಲು ಬಿಡಬೇಡಿ.