ಸರ್ವಿಸ್ ಬಾಂಡ್: ತಿಂಗಳಿಗೆ ಎಷ್ಟು ಕರಗುತ್ತದೆ?

ಕಂಪನಿಯೇ ಶುಲ್ಕ ಕಟ್ಟಿ ಎಂ.ಟೆಕ್. ಓದಿಸುತ್ತದೆ. ಓದು ಮುಗಿದ ಮೇಲೆ ಮೂರು ವರ್ಷ ಅಲ್ಲೇ ದುಡಿಯಬೇಕು, ನಡುವೆ ಬಿಟ್ಟರೆ ಹಣ ವಾಪಸ್ ಕಟ್ಟಬೇಕು. ಬಾಂಡ್ ಎಂದರೆ ಇಷ್ಟೇ, ಆದ್ದರಿಂದ ನೇರವಾಗಿ ಮರುಪಾವತಿಯ ಷರತ್ತಿಗೆ ಬರುತ್ತೇನೆ. ನಿಜವಾದ ಸಂಬಳ ಎಷ್ಟೆಂದು ತೀರ್ಮಾನಿಸುವುದು ಅದೇ.

ಒಂದು ಉದಾಹರಣೆ ಹಿಡಿದುಕೊಳ್ಳೋಣ. ಶುಲ್ಕ 6 ಲಕ್ಷ, ಬಾಂಡ್ 36 ತಿಂಗಳು. 15 ತಿಂಗಳು ಮುಗಿದಾಗ ಬೇರೆ ಕಡೆಯಿಂದ ಆಫರ್ ಬಂತು. ಈಗ ಕೈಗೆ ಬರುತ್ತಿರುವುದು ತಿಂಗಳಿಗೆ 60,000, ಅಲ್ಲಿ ಬರುವುದು 80,000. ಹೋಗಬೇಕೇ, ಇರಬೇಕೇ?

ಷರತ್ತಿನಲ್ಲಿ "ಉಳಿದ ಅವಧಿಗೆ ಅನುಪಾತವಾಗಿ" ಎಂದು ಬರೆದಿದ್ದರೆ ಲೆಕ್ಕ ಹೀಗೆ: ಉಳಿದ ತಿಂಗಳು 21. 6 ಲಕ್ಷವನ್ನು 36ರಿಂದ ಭಾಗಿಸಿ 21ರಿಂದ ಗುಣಿಸಿದರೆ 3,50,000. ಇವತ್ತು ಬಿಟ್ಟರೆ ಕಟ್ಟಬೇಕಾದದ್ದು ಅಷ್ಟು. ಮೊತ್ತ ನೋಡಿದ ತಕ್ಷಣ ಬಹಳ ಮಂದಿ ಹೆದರಿ ಆಫರ್ ಬಿಡುತ್ತಾರೆ. ಆದರೆ ನೋಡಬೇಕಾದ ಸಂಖ್ಯೆ ಬೇರೆ ಇದೆ. 6 ಲಕ್ಷವನ್ನು 36ರಿಂದ ಭಾಗಿಸಿದರೆ ಸುಮಾರು 16,667. ಇಲ್ಲಿ ಉಳಿದ ಪ್ರತಿ ತಿಂಗಳೂ ನಿಮ್ಮ ಬಾಕಿ ಇಷ್ಟಿಷ್ಟು ಕರಗುತ್ತದೆ. ಅಂದರೆ ಈಗಿನ ಕೆಲಸದ ನಿಜ ಸಂಬಳ 60,000 ಅಲ್ಲ, 76,667. ಹೊಸ ಸಂಬಳ ಅದಕ್ಕಿಂತ ಹೆಚ್ಚಿದ್ದರೆ ಬಾಂಡ್ ಕಟ್ಟಿ ಹೋಗುವುದೇ ಲಾಭ. 80,000 ಎಂದರೆ ತಿಂಗಳಿಗೆ 3,333 ಹೆಚ್ಚು, 21 ತಿಂಗಳಿಗೆ 70,000. ಆಫರ್ 75,000 ಆಗಿದ್ದರೆ ಅದೇ 21 ತಿಂಗಳಲ್ಲಿ 35,000 ನಷ್ಟ. ಈ ಸುಲಭ ದಾರಿ ನನಗೆ ಬಹಳ ಇಷ್ಟ, ಏಕೆಂದರೆ ಬಾಂಡ್ ಮೊತ್ತವನ್ನು ನೇರವಾಗಿ ಸಂಬಳದ ಭಾಷೆಗೆ ತರುತ್ತದೆ. ಒಂದು ಎಚ್ಚರಿಕೆ: ಬಾಂಡ್ ಮುಗಿದ ಮೇಲೂ ಅಂಥದೇ ಆಫರ್ ಸಿಗುತ್ತದೆ ಎಂದು ಈ ಲೆಕ್ಕ ಊಹಿಸಿಕೊಂಡಿದೆ.

"ಅನುಪಾತ" ಎಂಬ ಮಾತೇ ಇಲ್ಲದಿದ್ದರೆ ಚಿತ್ರ ತಿರುಗುತ್ತದೆ. ಆಗ 1ನೇ ತಿಂಗಳಲ್ಲಿ ಬಿಟ್ಟರೂ 35ನೇ ತಿಂಗಳಲ್ಲಿ ಬಿಟ್ಟರೂ ಷರತ್ತಿನ ಪ್ರಕಾರ ಪೂರ್ತಿ 6 ಲಕ್ಷ. 15ನೇ ತಿಂಗಳಲ್ಲಿ ಉಳಿದ ಅವಧಿಗೆ ಹಂಚಿದರೆ ತಿಂಗಳಿಗೆ 28,571. ಆದ್ದರಿಂದ 20,000 ಹೆಚ್ಚಿನ ಸಂಬಳಕ್ಕೆ ಹೋದರೆ 1,80,000 ನಷ್ಟ. 30ನೇ ತಿಂಗಳಲ್ಲಿ ಹೊರಟರೆ ಉಳಿದ ಅವಧಿಗೆ ಹಂಚಿದ ಮೊತ್ತ ತಿಂಗಳಿಗೆ 1 ಲಕ್ಷ. ಇಂಥ ಬಾಂಡಿನಲ್ಲಿ ಬೇಗ ಹೋಗಬೇಕು, ಇಲ್ಲವೇ ಕೊನೆಯವರೆಗೂ ಇರಬೇಕು. ನಡುವೆ ಹೊರಡುವುದೇ ದುಬಾರಿ.

36 ತಿಂಗಳ ಎಣಿಕೆ ಯಾವತ್ತಿನಿಂದ ಶುರು ಎಂಬುದನ್ನೂ ನೋಡಿ. ಕೆಲಸ ಮಾಡುತ್ತಲೇ ಎರಡು ವರ್ಷ ಓದಿದರೆ, "ಕೋರ್ಸ್ ಮುಗಿದ ದಿನದಿಂದ" ಎಂಬ ಷರತ್ತು ನಿಮ್ಮನ್ನು ಒಟ್ಟು 60 ತಿಂಗಳು ಹಿಡಿದಿಡುತ್ತದೆ. ಓದುವಾಗಿನ 24 ತಿಂಗಳಲ್ಲಿ ಬಾಕಿ ಒಂದು ರೂಪಾಯಿಯೂ ಕರಗುವುದಿಲ್ಲ. "ಖರ್ಚು" ಎಂಬುದರ ವಿವರಣೆಯಲ್ಲಿ ಓದಿನ ಅವಧಿಯ ಸಂಬಳವನ್ನೂ ಸೇರಿಸಿರುವ ಬಾಂಡ್‌ಗಳಿವೆ. ಪೂರ್ಣಾವಧಿ ರಜೆ ಕೊಟ್ಟು ಓದಿಸಿದ್ದರೆ 60,000ದಂತೆ 24 ತಿಂಗಳಿಗೆ 14,40,000 ಆಗುತ್ತದೆ, ಶುಲ್ಕಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಇನ್ನು ನಾನು ಬಹಳ ಹೊತ್ತು ನಿಂತ ಜಾಗ. ಸಹಿ ಹಾಕಿದ ಕಾಗದದಲ್ಲಿ ಬರೆದ ಮೊತ್ತವನ್ನು ಪೂರ್ತಿ ಕಟ್ಟಲೇಬೇಕೇ? ಭಾರತೀಯ ಕರಾರು ಕಾಯ್ದೆ, 1872ರ 74ನೇ ಕಲಂ ಹೇಳುವುದು: ಕರಾರು ಮುರಿದರೆ ಸಿಗುವುದು "ಸಮಂಜಸ ಪರಿಹಾರ", ಅದು ಬರೆದ ಮೊತ್ತವನ್ನು ಮೀರುವಂತಿಲ್ಲ. ಅಂದರೆ ಬಾಂಡಿನಲ್ಲಿರುವ ಅಂಕಿ ಗರಿಷ್ಠ ಮಿತಿ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಅಷ್ಟೂ ಸಿಗುತ್ತದೆ ಎಂಬ ಖಾತರಿಯೂ ಇಲ್ಲ.

ಸಿಕ್ಪಾ ಇಂಡಿಯಾ ಪ್ರಕರಣವನ್ನು (ದೆಹಲಿ ಹೈಕೋರ್ಟ್, 2011) ಹಂತ ಹಂತವಾಗಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬಾಂಡ್ ಮೂರು ವರ್ಷದ್ದು, ಬರೆದ ಮೊತ್ತ 2 ಲಕ್ಷ. ತರಬೇತಿಗೆ ಕಂಪನಿ ನಿಜವಾಗಿ ಖರ್ಚು ಮಾಡಿದ್ದು 67,595 ರೂಪಾಯಿ. ನೌಕರ ಎರಡು ವರ್ಷ ದುಡಿದಿದ್ದರು, ಉಳಿದದ್ದು ಮೂರರಲ್ಲಿ ಒಂದು ಪಾಲು. 67,595ರ ಮೂರನೇ ಒಂದು ಭಾಗ 22,532. ಕೆಳಗಿನ ಕೋರ್ಟ್ ಕೊಡಿಸಿದ್ದು ಅಷ್ಟೇ, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಮನಿಸಿ: ಬಾಂಡ್ ಮೊತ್ತಕ್ಕೆ ಬದಲು ನಿಜ ಖರ್ಚು, ಮತ್ತು ಅದಕ್ಕೂ ಅನುಪಾತ.

ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ 2 ಲಕ್ಷವನ್ನು ಪೂರ್ತಿಯಾಗಿ ಎತ್ತಿಹಿಡಿಯಿತು. ಅಲ್ಲೂ ಮೂರು ವರ್ಷದ ಬಾಂಡ್, ಅಧಿಕಾರಿ ಎರಡು ವರ್ಷ ತುಂಬುವ ಮೊದಲೇ ಬಿಟ್ಟಿದ್ದರು. ನಮ್ಮ ಕರ್ನಾಟಕ ಹೈಕೋರ್ಟ್ ಅಧಿಕಾರಿಯ ಪರ ತೀರ್ಪು ಕೊಟ್ಟಿತ್ತು, ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಈ ಬಾಂಡ್ ಕೆಲಸದಲ್ಲಿರುವ ಅವಧಿಗೆ ಮಾತ್ರ ಸಂಬಂಧಿಸಿದ್ದು, ಆದ್ದರಿಂದ ಮುಂದಿನ ಉದ್ಯೋಗಕ್ಕೆ ತಡೆ ಒಡ್ಡುವ ಕರಾರನ್ನು ಅಸಿಂಧು ಎನ್ನುವ ಕರಾರು ಕಾಯ್ದೆಯ 27ನೇ ಕಲಂ ಇದಕ್ಕೆ ತಾಗುವುದಿಲ್ಲ ಎಂದಿತು. ಸಾರ್ವಜನಿಕ ಬ್ಯಾಂಕ್ ತನಗೆ ಬೇಕಾದವರನ್ನು ನೇರವಾಗಿ ಸೇರಿಸಿಕೊಳ್ಳುವಂತಿಲ್ಲ. ಮತ್ತೆ ಜಾಹೀರಾತು ಕೊಟ್ಟು ಬಹಿರಂಗ ನೇಮಕಾತಿ ನಡೆಸಬೇಕು, ಅದಕ್ಕೆ ಖರ್ಚಿದೆ. ಹಿರಿಯ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ 2 ಲಕ್ಷ ಹೊರಲಾರದ ಹೊರೆಯೂ ಅಲ್ಲ ಎಂಬುದು ಕೋರ್ಟಿನ ವಾದ.

ಎರಡನ್ನೂ ಜೊತೆಗಿಟ್ಟು ನಾನು ಓದುವುದು ಹೀಗೆ. ಕೋರ್ಸ್ ಶುಲ್ಕಕ್ಕೆ ರಸೀದಿ ಇರುತ್ತದೆ, ನಷ್ಟವನ್ನು ಅಳೆಯಬಹುದು, ಆದ್ದರಿಂದ ಅಳತೆಯಷ್ಟೇ ಪರಿಹಾರ. ಒಬ್ಬ ಅಧಿಕಾರಿ ಬಿಟ್ಟದ್ದರಿಂದ ನೇಮಕಾತಿಗೆ ಆಗುವ ನಷ್ಟವನ್ನು ಕರಾರುವಾಕ್ಕಾಗಿ ಎಣಿಸಲಾಗದು, ಅಲ್ಲಿ ಮೊದಲೇ ಒಪ್ಪಿದ ಮೊತ್ತ ಸಮಂಜಸವಾಗಿದ್ದರೆ ನಿಲ್ಲುತ್ತದೆ. ಹಾಗಾಗಿ ಖಾಸಗಿ ಕಂಪನಿ ಹಣ ಕೇಳಿದಾಗ ಮೊದಲು ಕೇಳಬೇಕಾದದ್ದು ಖರ್ಚಿನ ರಸೀದಿಗಳನ್ನು. ಕಾಲೇಜಿಗೆ ಕಟ್ಟಿದ್ದಕ್ಕೆ ರಸೀದಿ ತೋರಿಸಬಹುದು. ಎಲ್ಲ ಹೊಸಬರಿಗೂ ಕೊಡುವ ಎರಡು ವಾರದ ಪರಿಚಯ ತರಬೇತಿಗೆ ಲಕ್ಷಗಟ್ಟಲೆ ಹಾಕಿದ್ದರೆ ಅದನ್ನು ಸಮರ್ಥಿಸುವುದು ಕಷ್ಟ.

ಕೊನೆಯ ಸೆಟಲ್‌ಮೆಂಟ್ ಹಾಳೆ ಬಂದಾಗ ಎರಡು ಸಾಲು ಪರೀಕ್ಷಿಸಿ. ಬಾಂಡ್ ಮೊತ್ತದ ಮೇಲೆ 18% ಜಿಎಸ್‌ಟಿ ಸೇರಿಸಿದ್ದರೆ ಅದು ತಪ್ಪು. ನೌಕರ ಬೇಗ ಬಿಟ್ಟದ್ದಕ್ಕೆ ವಸೂಲು ಮಾಡುವ ಬಾಂಡ್ ಹಣಕ್ಕೆ ಜಿಎಸ್‌ಟಿ ಇಲ್ಲವೆಂದು 2022ರ ಆಗಸ್ಟ್ 3ರ ಸುತ್ತೋಲೆ (178/10/2022) ಸ್ಪಷ್ಟಪಡಿಸಿದೆ. ಬಾಂಡಿನ ಬಾಕಿಗೆಂದು ಪಿಎಫ್ ಹಣಕ್ಕಾಗಲಿ ಗ್ರಾಚ್ಯುಟಿಗಾಗಲಿ ಕೈಹಾಕುವಂತೆಯೂ ಇಲ್ಲ, ಇವೆರಡಕ್ಕೂ ಕಾನೂನಿನ ರಕ್ಷಣೆಯಿದೆ.

ಹೊಸ ಕಂಪನಿ "ನಿಮ್ಮ ಬಾಂಡ್ ನಾವು ಕಟ್ಟುತ್ತೇವೆ" ಎಂದಾಗ ತೆರಿಗೆಯ ಮಾತು ಬರುತ್ತದೆ. ಜಾಯಿನಿಂಗ್ ಬೋನಸ್ ಆಗಿ ಕೊಟ್ಟರೆ ಅದು ನಿಮ್ಮ ಆದಾಯ. ಆ 3,50,000 ಪೂರ್ತಿ 20% ಸ್ಲ್ಯಾಬಿಗೆ ಬಿದ್ದರೆ ಸೆಸ್ ಸೇರಿ 72,800 ತೆರಿಗೆ ಹೋಗಿ ಕೈಗೆ ಬರುವುದು 2,77,200. ಉಳಿದ 72,800 ನಿಮ್ಮ ಜೇಬಿನಿಂದ. ಆದ್ದರಿಂದ "ತೆರಿಗೆ ಕಳೆದು ಕೈಗೆ 3,50,000" ಎಂದೇ ಆಫರ್ ಲೆಟರಿನಲ್ಲಿ ಬರೆಸಿಕೊಳ್ಳಿ. ಅದೇ ಕಾಗದದಲ್ಲಿ, ವರ್ಷದೊಳಗೆ ಬಿಟ್ಟರೆ ಆ ಬೋನಸ್ ವಾಪಸ್ ಎಂಬ ಸಾಲು ಇದೆಯೇ, ಇದ್ದರೆ ಅದು ಅನುಪಾತವಾಗಿ ಕರಗುತ್ತದೆಯೇ ಅಥವಾ ಪೂರ್ತಿಯೇ, ವಾಪಸ್ ಕೇಳುವುದು ತೆರಿಗೆ ಹಿಡಿದ ಮೇಲಿನ ಮೊತ್ತವನ್ನೋ ಮೊದಲಿನದನ್ನೋ ಎಂಬುದನ್ನು ಸಹಿ ಹಾಕುವ ಮುನ್ನ ಕೇಳಿ.