ಒಂದೇ ಪದ ನೂರು ಸಲ: ಕೀವರ್ಡ್ ತುರುಕುವುದು ಸ್ಪ್ಯಾಮ್ ಆದ ಬಗೆ

1995ರ ಡಿಸೆಂಬರಿನಲ್ಲಿ ಆಲ್ಟಾವಿಸ್ಟಾ ಎಂಬ ಸರ್ಚ್ ಎಂಜಿನ್ ಶುರುವಾದ ಹೊತ್ತಿಗೆ, ಒಂದು ಪುಟ ಯಾವುದರ ಬಗ್ಗೆ ಇದೆ ಎಂದು ತಿಳಿಯಲು ಸರ್ಚ್ ಎಂಜಿನ್‌ಗಳು ಬಹುಮಟ್ಟಿಗೆ ಆ ಪುಟದಲ್ಲಿರುವ ಪದಗಳನ್ನೇ ನೆಚ್ಚಿಕೊಂಡಿದ್ದವು. ಅವುಗಳಿಗೆ ನೆರವಾಗಲೆಂದು ಪುಟದ ಕೋಡ್‌ನಲ್ಲಿ ಕೀವರ್ಡ್‌ಗಳಿಗಾಗಿಯೇ, ಅಂದರೆ ಜನ ಹುಡುಕುವಾಗ ಬಳಸುವ ಪದಗಳಿಗಾಗಿಯೇ, ಒಂದು ಜಾಗವಿತ್ತು:

```
<meta name="keywords" content="cars, used cars, cheap cars">
```

ಈ ಸಾಲು ಓದುಗರ ಕಣ್ಣಿಗೆ ಬೀಳುವುದಿಲ್ಲ, ಮತ್ತು ತೊಂದರೆ ಹುಟ್ಟಿದ್ದೇ ಅಲ್ಲಿಂದ. ಕಾಣುವ ಬರಹದಲ್ಲಿ ಒಂದೇ ಪದವನ್ನು ಐವತ್ತು ಸಲ ಬರೆದರೆ ಓದುಗರು ಎದ್ದು ಹೋಗುತ್ತಾರೆ. ಕಾಣದ ಕಡೆ ಬರೆದರೆ ಬರೆದವರಿಗೆ ಯಾವ ನಷ್ಟವೂ ಇಲ್ಲ. ಹೀಗಾಗಿ ಪುಟಕ್ಕೆ ಸಂಬಂಧವೇ ಇಲ್ಲದ ಜನಪ್ರಿಯ ಪದಗಳು ಆ ಸಾಲಿನೊಳಗೆ ಸೇರಿದವು, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಪದಗಳ ರಾಶಿಯನ್ನು ಅಡಗಿಸಿಡುವ ರೂಢಿಯೂ ಬೆಳೆಯಿತು. ಗೂಗಲ್‌ನ ಸ್ಥಾಪಕರಾದ ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರ ತಮ್ಮ ಪ್ರಬಂಧದಲ್ಲಿ, ಬಳಕೆದಾರರಿಗೆ ಕಾಣದ ಪಠ್ಯವನ್ನು ಸರ್ಚ್ ಎಂಜಿನ್‌ಗಳ ದಾರಿ ತಪ್ಪಿಸಲು ದುರುಪಯೋಗ ಮಾಡಲಾಗುತ್ತಿದೆ ಎಂದು ಗುರುತಿಸಿದ್ದರು. ಫಲಿತಾಂಶಗಳ ಶ್ರೇಯಾಂಕಕ್ಕೆ ಈ ಕೀವರ್ಡ್ ಸಾಲನ್ನು ಬಳಸುವುದಿಲ್ಲ ಎಂದು ಗೂಗಲ್ 2009ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿಯೇ ಹೇಳಿತು.

ಕಾಣುವ ಪಠ್ಯದಲ್ಲೂ ಪದವನ್ನು ಮತ್ತೆ ಮತ್ತೆ ಬರೆಯುವುದರಿಂದ ಲಾಭವಿಲ್ಲ ಎಂಬುದು ಲೆಕ್ಕದಿಂದಲೇ ತಿಳಿಯುತ್ತದೆ. ಅದೇ ಪ್ರಬಂಧದಲ್ಲಿ, ಪದದ ಎಣಿಕೆ ಏರಿದಂತೆ ಅದರ ತೂಕ ಮೊದಲು ಏರಿ, ಬೇಗನೆ ನಿಂತುಬಿಡುವಂತೆ ಮಾಡಲಾಗಿದೆ ಎಂಬ ವಿವರಣೆಯಿದೆ. ಇಂದಿಗೂ ಹಲವು ಹುಡುಕಾಟದ ತಂತ್ರಾಂಶಗಳು ಬಳಸುವ, ಹುಡುಕಿದ ಪದಕ್ಕೆ ಪುಟ ಎಷ್ಟು ಹೊಂದುತ್ತದೆ ಎಂದು ಅಂಕ ಕೊಡುವ ಬಿಎಂ25 ಎಂಬ ಸೂತ್ರವನ್ನು ತೆಗೆದುಕೊಳ್ಳೋಣ. ಪುಟದ ಉದ್ದವನ್ನು ಬದಿಗಿಟ್ಟು, ಅದರಲ್ಲಿರುವ ಒಂದು ಸ್ಥಿರಾಂಕಕ್ಕೆ ರೂಢಿಯ ಬೆಲೆಯಾದ 1.2 ಕೊಟ್ಟರೆ, ಪದ ಒಮ್ಮೆ ಬಂದಾಗ ಸಿಗುವ ಅಂಕ 1, ಎರಡು ಸಲ ಬಂದಾಗ ಸುಮಾರು 1.38, ಹತ್ತು ಸಲಕ್ಕೆ 1.96, ನೂರು ಸಲಕ್ಕೆ 2.17. ಎಷ್ಟೇ ಬರೆದರೂ ಅದು 2.2ನ್ನು ಮುಟ್ಟುವುದಿಲ್ಲ. ಹತ್ತರಿಂದ ನೂರಕ್ಕೆ ಹೋಗಲು ಬರೆದ ತೊಂಬತ್ತು ಪದಗಳು ತಂದದ್ದು ಅತ್ಯಲ್ಪ, ಪುಟದ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅದೂ ಕರಗಬಹುದು.

ಲಾಭವಿಲ್ಲದ್ದು ಒಂದು ಮಾತು, ಶಿಕ್ಷೆಯಾಗುವುದು ಇನ್ನೊಂದು. 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ತಾಣವನ್ನು ಗೂಗಲ್ ತನ್ನ ಫಲಿತಾಂಶಗಳಿಂದ ತೆಗೆದುಹಾಕಿತು. ಆ ತಾಣದಲ್ಲಿ, ಹಳೆಯ ಕಾರು ಎಂಬರ್ಥದ ಜರ್ಮನ್ ಪದವನ್ನು ಪದೇ ಪದೇ ತುಂಬಿದ್ದ ಪುಟಗಳಿದ್ದವು. ಸರ್ಚ್ ಎಂಜಿನ್ ಓದುತ್ತಿದ್ದುದು ಆ ಪುಟವನ್ನು. ಅಲ್ಲಿಗೆ ಬಂದ ಗ್ರಾಹಕರನ್ನು ಮಾತ್ರ ಜಾವಾಸ್ಕ್ರಿಪ್ಟ್ ತಕ್ಷಣ ಚಿತ್ರಗಳಿಂದ ತುಂಬಿದ ಬೇರೆ ಪುಟಕ್ಕೆ ಕರೆದೊಯ್ಯುತ್ತಿತ್ತು. ಕಂಪನಿ ಆ ಪುಟಗಳನ್ನು ತೆಗೆದ ಮೇಲೆ ಕೆಲವೇ ದಿನಗಳಲ್ಲಿ ತಾಣ ಮರಳಿ ಸೇರಿತು. ಅಷ್ಟು ದೊಡ್ಡ ಹೆಸರಿಗೂ ವಿನಾಯಿತಿ ಸಿಗಲಿಲ್ಲ ಎಂಬುದಕ್ಕಿಂತ, ಯಂತ್ರಕ್ಕೆ ಒಂದು, ಮನುಷ್ಯರಿಗೆ ಒಂದು ತೋರಿಸುವುದೇ ಅಪರಾಧದ ತಿರುಳು ಎಂದು ಈ ಪ್ರಕರಣ ಸ್ಪಷ್ಟಪಡಿಸಿದ್ದು ನನಗೆ ಮುಖ್ಯವೆನಿಸುತ್ತದೆ.

ಹಾಗಾದರೆ ಏನು ಮಾಡಬೇಕು? ಜೋಳದ ರೊಟ್ಟಿಯ ಪುಟವೊಂದರ ಚಿತ್ರದ ಆಲ್ಟ್ ಪಠ್ಯ, ಅಂದರೆ ಚಿತ್ರ ಕಾಣದವರಿಗಾಗಿ ಕೋಡ್‌ನಲ್ಲಿ ಬರೆಯುವ ವಿವರಣೆ, ಹೀಗಿದೆ ಎನ್ನೋಣ: «ಜೋಳದ ರೊಟ್ಟಿ, ಜೋಳದ ರೊಟ್ಟಿ ಮಾಡುವ ವಿಧಾನ, ಉತ್ತರ ಕರ್ನಾಟಕ ಜೋಳದ ರೊಟ್ಟಿ, ಮೆತ್ತನೆಯ ಜೋಳದ ರೊಟ್ಟಿ». ದೃಷ್ಟಿಯಿಲ್ಲದವರ ಫೋನು ಇದನ್ನೆಲ್ಲ ಗಟ್ಟಿಯಾಗಿ ಓದುತ್ತದೆ; ನಾಲ್ಕು ಸಲ ರೊಟ್ಟಿಯ ಹೆಸರು ಕೇಳಿದ ಮೇಲೂ ಚಿತ್ರದಲ್ಲಿ ಏನಿದೆ ಎಂಬುದು ಅವರಿಗೆ ತಿಳಿಯದು. ಅದರ ಬದಲು «ಬಿಸಿ ಹಂಚಿನ ಮೇಲೆ ಉಬ್ಬುತ್ತಿರುವ ಜೋಳದ ರೊಟ್ಟಿ» ಎಂದು ಬರೆದರೆ ಪದವೂ ಬಂತು, ವಿಷಯವೂ ಬಂತು. ಶೀರ್ಷಿಕೆಯಲ್ಲಿ ಹೆಸರು ಒಮ್ಮೆ ಸಾಕು. ಉಳಿದ ಜಾಗವನ್ನು ಜನ ನಿಜವಾಗಿ ಕೇಳುವ ಪ್ರಶ್ನೆಗಳಿಗೆ ಕೊಡಬೇಕು: ಹಿಟ್ಟು ಯಾಕೆ ಬಿರಿಯುತ್ತದೆ, ನೀರು ಎಷ್ಟು ಬಿಸಿಯಿರಬೇಕು, ಬಡಿಯಲು ಬಾರದವರು ಏನು ಮಾಡಬೇಕು. ಇವಕ್ಕೆ ಉತ್ತರಿಸುವಾಗ ಹಿಟ್ಟು, ಹಂಚು, ಬಿರುಕು ಎಂಬ ಸಂಬಂಧಿತ ಪದಗಳು ತಾವಾಗಿಯೇ ಬರುತ್ತವೆ.

ಕನ್ನಡದವರಿಗೆ ಒಂದು ತೊಡಕು ನಿಜವಾಗಿಯೂ ಇದೆ: ನಮ್ಮವರು ಕನ್ನಡ ಲಿಪಿಯಲ್ಲೂ ಹುಡುಕುತ್ತಾರೆ, jolada rotti ಎಂದೂ, jowar roti ಎಂದೂ ಹುಡುಕುತ್ತಾರೆ. ಈ ಬೇರೆ ರೂಪಗಳನ್ನು ಒಂದು ವಾಕ್ಯದಲ್ಲಿ ಒಮ್ಮೆ ಹೇಳಿದರೆ ಅದು ಮಾಹಿತಿ. ಪುಟದ ಕೊನೆಯಲ್ಲಿ ಪಟ್ಟಿ ಮಾಡಿದರೆ ತುರುಕಿದಂತೆ. ಯೂಟ್ಯೂಬ್‌ನಲ್ಲಾದರೆ ಜನ ಸಾಮಾನ್ಯವಾಗಿ ತಪ್ಪಾಗಿ ಬರೆಯುವ ಕಾಗುಣಿತಗಳಿಗೆ ಟ್ಯಾಗ್‌ಗಳ ಜಾಗವೇ ಸರಿ. ವಿಡಿಯೊ ಹುಡುಕಿಕೊಡುವಲ್ಲಿ ಟ್ಯಾಗ್‌ಗಳ ಪಾತ್ರ ಉಳಿದಂತೆ ತೀರಾ ಕಡಿಮೆ ಎಂದು ಯೂಟ್ಯೂಬ್ ತಾನೇ ಹೇಳುತ್ತದೆ. ವಿಡಿಯೊದ ವಿವರಣೆಯಲ್ಲಿ ವಿಪರೀತ ಟ್ಯಾಗ್‌ಗಳನ್ನು ಸುರಿಯುವುದನ್ನು ಅದು ನಿಯಮಭಂಗವೆಂದೇ ಎಣಿಸುತ್ತದೆ.

ಯಾವ ಪದಗಳಿಂದ ಜನ ಬರುತ್ತಿದ್ದಾರೆ ಎಂಬುದು ತಾಣದ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ವರದಿಯಲ್ಲಿ ಕಾಣುತ್ತದೆ. ಅಲ್ಲಿ ಕಂಡ ಪ್ರಶ್ನೆಗೆ ಪುಟದಲ್ಲಿ ಉತ್ತರವಿಲ್ಲದಿದ್ದರೆ, ಸೇರಿಸಬೇಕಾದದ್ದು ಆ ಪದವನ್ನಲ್ಲ, ಆ ಉತ್ತರವನ್ನು.