ಒಂದು ತೊಟ್ಟು ಹಳದಿ, ಏಳದ ನೊರೆ

ಬಟ್ಟಲಲ್ಲಿ ನಾಲ್ಕು ಮೊಟ್ಟೆಯ ಬಿಳಿ ಇದೆ, ತೂಕ ಸುಮಾರು 120 ಗ್ರಾಂ. ನಾಲ್ಕನೆಯ ಮೊಟ್ಟೆ ಒಡೆಯುವಾಗ ಚಿಪ್ಪಿನ ಚೂಪು ಅಂಚು ತಗುಲಿ ಹಳದಿಯ ಪೊರೆ ಸೀಳಿತು, ಒಂದು ತೊಟ್ಟು ಬಿಳಿಯೊಳಗೆ ಇಳಿಯಿತು. ಇಷ್ಟರಿಂದ ಏನಾದೀತು ಎಂದುಕೊಂಡು ಬೀಟರ್ ಹಾಕುತ್ತೇವೆ. ಮೂರು ನಿಮಿಷ, ಐದು ನಿಮಿಷ, ಎಂಟು ನಿಮಿಷ ಕಳೆಯುತ್ತದೆ. ಮೇಲೆ ಸೋಪಿನ ನೀರಿನಂಥ ದಪ್ಪ ಗುಳ್ಳೆಗಳ ತೆಳು ಪದರ, ಕೆಳಗೆ ಹಾಗೇ ಉಳಿದ ನೀರು. ಇನ್ನೂ ಅರ್ಧ ಗಂಟೆ ಕಡೆದರೂ ಅದು ಅಷ್ಟೇ.

ಬೇಕರಿ ಕೆಲಸ ಕಲಿಯುವವರು ಇಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: 120 ಗ್ರಾಂ ಬಿಳಿಗೆ ಒಂದು ತೊಟ್ಟು ಯಾವ ಲೆಕ್ಕ? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸಿಗಬೇಕಾದರೆ ತೂಕವನ್ನು ಬಿಟ್ಟು ಮೇಲ್ಮೈಯ ಲೆಕ್ಕ ಹಾಕಬೇಕು.

ಮೊಟ್ಟೆಯ ಬಿಳಿಯಲ್ಲಿ ಹತ್ತಿರ ಹತ್ತಿರ 90 ಪಾಲು ನೀರು, 10 ಪಾಲು ಪ್ರೋಟೀನ್. ಕೊಬ್ಬು ಇಲ್ಲವೆಂದೇ ಹೇಳಬಹುದು. ಪ್ರೋಟೀನ್ ಎಂದರೆ ಉಂಡೆ ಸುತ್ತಿಟ್ಟ ನೂಲಿನಂಥ ಉದ್ದನೆಯ ಅಣು. ನೀರನ್ನು ಇಷ್ಟಪಡುವ ಭಾಗಗಳು ಉಂಡೆಯ ಹೊರಗೆ, ನೀರನ್ನು ಕಂಡರಾಗದ ಭಾಗಗಳು ಒಳಗೆ. ಕಡೆಯುವಾಗ ಬಿಳಿಯೊಳಗೆ ಗಾಳಿ ನುಗ್ಗಿ ಗುಳ್ಳೆಗಳಾಗುತ್ತವೆ. ಗಾಳಿಯೂ ನೀರೂ ಕೂಡುವ ಗಡಿಗೆ ಬಂದ ಉಂಡೆ ಅಲ್ಲಿ ಬಿಚ್ಚಿಕೊಳ್ಳುತ್ತದೆ: ನೀರಿಗೆ ಹೆದರುವ ಭಾಗ ಗಾಳಿಯ ಕಡೆಗೆ, ಉಳಿದದ್ದು ನೀರಿನ ಕಡೆಗೆ. ಹೀಗೆ ಬಿಚ್ಚಿಕೊಂಡ ನೂಲುಗಳು ಪಕ್ಕದವನ್ನು ಹಿಡಿದುಕೊಂಡು ಗುಳ್ಳೆಯ ಸುತ್ತ ಬಲೆ ನೇಯುತ್ತವೆ. ಈ ಬಲೆಗೆ ಬಿಗಿಯೂ ಇದೆ, ಎಳೆದರೆ ಹಿಗ್ಗುವ ಗುಣವೂ ಇದೆ. ಗುಳ್ಳೆಗಳ ನಡುವಿನ ನೀರು ಬೇಗ ಸೋರದಂತೆ ತಡೆಯುವುದೂ ಇದೇ. ನೊರೆ ನಿಲ್ಲುವುದು ಈ ಬಲೆಯ ಮೇಲೆ, ಗಾಳಿ ಬರೀ ಜಾಗ ತುಂಬುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಶುದ್ಧವಾದ ಬಿಳಿ ಆರರಿಂದ ಎಂಟು ಪಟ್ಟು ಉಬ್ಬುತ್ತದೆ, ಅಂದರೆ ನಮ್ಮ ನಾಲ್ಕು ಬಿಳಿಯಿಂದ ಸುಮಾರು 800 ಮಿಲಿಲೀಟರ್ ನೊರೆ. ಗುಳ್ಳೆಯ ಸರಾಸರಿ ವ್ಯಾಸ 0.1 ಮಿಲಿಮೀಟರ್ ಎಂದು ಹಿಡಿದರೆ, ಆ ಬಟ್ಟಲಿನ ಎಲ್ಲ ಗುಳ್ಳೆಗಳ ಒಟ್ಟು ಮೇಲ್ಮೈ 40ರಿಂದ 50 ಚದರ ಮೀಟರ್, ಒಂದು ದೊಡ್ಡ ಕೋಣೆಯ ನೆಲದಷ್ಟು. ಒಂದು ಚದರ ಮೀಟರ್ ಮುಚ್ಚಲು ಒಂದು ಅಣುವಿನ ದಪ್ಪದ ಪ್ರೋಟೀನ್ ಪದರ ಸಾಕು, ಅದು ತೂಗುವುದು ಸುಮಾರು 2 ಮಿಲಿಗ್ರಾಂ. ಬಟ್ಟಲಲ್ಲಿ 12 ಗ್ರಾಂ ಪ್ರೋಟೀನ್ ಇದ್ದರೂ ಗಡಿಯಲ್ಲಿ ನಿಂತು ಕೆಲಸ ಮಾಡುವುದು ಬರೀ 100 ಮಿಲಿಗ್ರಾಂನಷ್ಟು.

ಹಳದಿಯ ತೊಟ್ಟು ತೂಗುವುದು ಸುಮಾರು 50 ಮಿಲಿಗ್ರಾಂ. ಹಳದಿಯ ಮೂರನೇ ಒಂದು ಪಾಲು ಕೊಬ್ಬಿನ ಪದಾರ್ಥ, ಆದ್ದರಿಂದ ಆ ತೊಟ್ಟಿನಲ್ಲಿ 16 ಮಿಲಿಗ್ರಾಂನಷ್ಟು ಜಿಡ್ಡು ಇದೆ. 12 ಗ್ರಾಂ ಪ್ರೋಟೀನಿನ ಎದುರು ಇಟ್ಟರೆ ಅದು ಏನೂ ಅಲ್ಲ. ಗಡಿಯಲ್ಲಿ ನಿಂತ 100 ಮಿಲಿಗ್ರಾಂನ ಎದುರು ಇಟ್ಟು ನೋಡಿ, ಆರರಲ್ಲಿ ಒಂದು ಪಾಲು. ಇದು ಅಂದಾಜಿನ ಲೆಕ್ಕ, ಆದರೆ ಒಂದು ತೊಟ್ಟು ಯಾಕೆ ಸಣ್ಣದಲ್ಲ ಎಂಬುದು ಇದರಿಂದ ಕಾಣುತ್ತದೆ.

ಜಾಗ ಹಿಡಿಯುವುದಷ್ಟೇ ಆಗಿದ್ದರೆ ನೊರೆ ಆರನೇ ಒಂದು ಪಾಲು ಕಮ್ಮಿ ಬರಬೇಕಿತ್ತು. ಹಾಗಾಗುವುದಿಲ್ಲ. ಒಂದೇ ತೊಟ್ಟು ಹಳದಿಗೆ ನೊರೆಯ ಗಾತ್ರ ಮೂರನೇ ಒಂದಕ್ಕೆ ಇಳಿಯುವುದುಂಟು. ಹಳದಿಯಲ್ಲಿರುವ ಲೆಸಿಥಿನ್‌ನಂಥ ಅಣುಗಳು ಚಿಕ್ಕವು, ಚುರುಕು. ಅವುಗಳಿಗೂ ನೀರನ್ನು ಒಪ್ಪುವ ಒಂದು ತುದಿ, ಒಪ್ಪದ ಒಂದು ತುದಿ ಇದೆ. ಪ್ರೋಟೀನ್ ಉಂಡೆ ಗಡಿಗೆ ಬಂದು ಬಿಚ್ಚಿಕೊಳ್ಳುವಷ್ಟರಲ್ಲಿ ಇವು ಹೋಗಿ ಕೂತಿರುತ್ತವೆ. ಕೂತ ಮೇಲೆ ಪಕ್ಕದವರ ಕೈ ಹಿಡಿಯುವುದಿಲ್ಲ, ಅತ್ತಿತ್ತ ಜಾರುತ್ತಲೇ ಇರುತ್ತವೆ. ಇವುಗಳ ಸುತ್ತ ಬಲೆಯ ಎಳೆಗಳು ಒಂದಕ್ಕೊಂದು ಸಿಗದೆ ಅಲ್ಲಲ್ಲಿ ತೂತು ಬೀಳುತ್ತದೆ. ಬಲೆ ಹರಿಯುವುದು ಗಟ್ಟಿ ಇರುವಲ್ಲಿ ಅಲ್ಲ, ಸಡಿಲ ಇರುವಲ್ಲಿ. ಎರಡು ಗುಳ್ಳೆಗಳ ನಡುವಿನ ಗೋಡೆ ಒಂದು ಕಡೆ ಹರಿದರೂ ಅವೆರಡೂ ಸೇರಿ ಒಂದು ದೊಡ್ಡ ಗುಳ್ಳೆಯಾಗುತ್ತವೆ. ಎಣ್ಣೆಯ ಸಣ್ಣ ಹನಿಯದ್ದು ಇನ್ನೂ ನೇರ ಕೆಲಸ: ಗೋಡೆಯ ಮೇಲೆ ಹರಡಿಕೊಳ್ಳುತ್ತಾ ಅಲ್ಲಿದ್ದ ನೀರನ್ನು ಬದಿಗೆ ತಳ್ಳಿ ಗೋಡೆಯನ್ನು ತೆಳುಮಾಡಿ ಒಡೆಯುತ್ತದೆ. ಬಟ್ಟಲಿನ ಅಂಚಿಗಂಟಿದ ಬೆಣ್ಣೆಯ ಪಸೆಯೂ ಮಾಡುವುದು ಇದನ್ನೇ.

ಜಿಡ್ಡು ಬೆರೆತಿದೆ ಎಂಬುದನ್ನು ಮೂರು ನಿಮಿಷದೊಳಗೆ ಕಣ್ಣಲ್ಲೇ ಹೇಳಬಹುದು. ಶುದ್ಧ ಬಿಳಿಯಲ್ಲಿ ಗುಳ್ಳೆಗಳು ನಿಮಿಷದಿಂದ ನಿಮಿಷಕ್ಕೆ ಸಣ್ಣವಾಗುತ್ತಾ ಹೋಗುತ್ತವೆ, ಬಣ್ಣ ಪಾರದರ್ಶಕದಿಂದ ಹಾಲುಬಿಳಿಗೆ ತಿರುಗುತ್ತದೆ, ಬೀಟರ್ ಹಾದುಹೋದ ಗೆರೆ ಮೇಲೆ ಉಳಿಯುತ್ತದೆ. ಜಿಡ್ಡಿದ್ದರೆ ಗುಳ್ಳೆಗಳು ಮೊದಲ ನಿಮಿಷದಲ್ಲಿದ್ದ ಗಾತ್ರದಲ್ಲೇ ನಿಲ್ಲುತ್ತವೆ, ಬಣ್ಣ ಮಂಕು, ಗೆರೆ ಬಿದ್ದಲ್ಲೇ ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ಬೀಟರ್ ನಿಲ್ಲಿಸಿ. ಅದಕ್ಕೆ ಸಕ್ಕರೆ ಸುರಿದು ನೋಡುವುದು ಸಕ್ಕರೆಗೂ ನಷ್ಟ. ಒಂದು ಎಚ್ಚರಿಕೆ: ಶುರುವಿನಲ್ಲೇ ಎಲ್ಲ ಸಕ್ಕರೆ ಹಾಕಿದರೂ ನೊರೆ ಬಹಳ ನಿಧಾನಕ್ಕೆ ಏಳುತ್ತದೆ, ಅದನ್ನು ಜಿಡ್ಡಿನ ದೋಷ ಎಂದು ತಪ್ಪು ತಿಳಿಯಬೇಡಿ.

ಬಿದ್ದ ಹಳದಿ ಇನ್ನೂ ಒಡೆಯದ ಚುಕ್ಕೆಯಾಗಿ ಕಾಣುತ್ತಿದ್ದರೆ ಒಡೆದ ಚಿಪ್ಪಿನ ಅಂಚಿನಿಂದ, ಸುತ್ತಲಿನ ಒಂದಿಷ್ಟು ಬಿಳಿಯ ಸಮೇತ, ತೆಗೆಯಬಹುದು. ಬಿಳಿಯಲ್ಲಿ ಗೆರೆಯಾಗಿ ಹರಿದಿದ್ದರೆ ತೆಗೆಯುವ ದಾರಿ ಇಲ್ಲ. ಅದಕ್ಕೇ ಮೂರು ಬಟ್ಟಲಿನ ಪದ್ಧತಿ ಇರುವುದು: ಒಂದೊಂದು ಮೊಟ್ಟೆಯ ಬಿಳಿಯನ್ನೂ ಮೊದಲು ಸಣ್ಣ ಬಟ್ಟಲಿಗೆ ಬಿಡಿ, ನೋಡಿ, ಚೆನ್ನಾಗಿದ್ದರೆ ದೊಡ್ಡ ಬಟ್ಟಲಿಗೆ ಸುರಿಯಿರಿ. ಹಳದಿ ಮೂರನೆಯದಕ್ಕೆ. ಹೀಗೆ ಮಾಡಿದರೆ ಕೆಟ್ಟರೂ ಒಂದೇ ಮೊಟ್ಟೆ ಕೆಡುತ್ತದೆ. ಬೇರ್ಪಡಿಸುವುದು ಫ್ರಿಜ್ಜಿನಿಂದ ತೆಗೆದ ಕೂಡಲೇ, ಹಳದಿ ಗಟ್ಟಿಯಾಗಿರುವಾಗ. ಕಡೆಯುವುದು ಅರ್ಧ ಗಂಟೆ ಬಿಟ್ಟು, ತಣ್ಣಗಿದ್ದ ಬಿಳಿ ಸ್ವಲ್ಪ ಸಡಿಲವಾದ ಮೇಲೆ. ಹಳೆಯ ಮೊಟ್ಟೆಯ ಬಿಳಿ ತೆಳ್ಳಗಿದ್ದು ಬೇಗ ಉಬ್ಬುತ್ತದೆ ನಿಜ, ಆದರೆ ಅದರ ಹಳದಿಯ ಪೊರೆಯೂ ಸಡಿಲ, ಒಡೆಯುವಾಗ ಸುಲಭವಾಗಿ ಹರಿಯುತ್ತದೆ. ನೊರೆಯ ಸ್ಥಿರತೆ ಮುಖ್ಯವಾದ ಕೆಲಸಕ್ಕೆ ತಾಜಾ ಮೊಟ್ಟೆಯೇ ಲೇಸು.

ಪಾತ್ರೆ ಸ್ಟೀಲ್ ಅಥವಾ ಗಾಜಿನದಿರಲಿ. ಪ್ಲಾಸ್ಟಿಕ್ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ, ಗೀರು ಬಿದ್ದ ಪ್ಲಾಸ್ಟಿಕ್ ಎಷ್ಟು ತೊಳೆದರೂ ನಂಬಿಕೆಗೆ ಯೋಗ್ಯವಲ್ಲ. ಬಿಸಿನೀರು, ಸೋಪು ಹಾಕಿ ತೊಳೆದು ಸೋಪಿನ ಅಂಶ ಉಳಿಯದಂತೆ ಜಾಲಿಸಿ. ಸೋಪಿನ ಅಣುವೂ ಲೆಸಿಥಿನ್‌ನ ಜಾತಿಯದೇ, ಗಡಿಯಲ್ಲಿ ಕೂತು ಪ್ರೋಟೀನನ್ನು ಹೊರಗೆ ತಳ್ಳುತ್ತದೆ. ಕೊನೆಗೆ ವಿನಿಗರ್ ಅದ್ದಿದ ಕಾಗದದಿಂದ ಬಟ್ಟಲನ್ನೂ ಬೀಟರಿನ ತಂತಿಗಳನ್ನೂ ಒರೆಸಿ. ತಂತಿಗಳು ಕೂಡುವ ಸಂದಿಯನ್ನು ಮರೆಯುವವರೇ ಹೆಚ್ಚು.

ಪ್ರತಿ ಬಿಳಿಗೆ ಚಿಟಿಕೆ ಕ್ರೀಮ್ ಆಫ್ ಟಾರ್ಟರ್ ಎಂಬ ಹುಳಿ ಪುಡಿ, ಇಲ್ಲವೇ ಅರ್ಧ ಟೀ ಚಮಚ ನಿಂಬೆರಸ ಹಾಕುವುದು ಜಿಡ್ಡಿಗೆ ಮದ್ದಲ್ಲ. ಅದು ಇನ್ನೊಂದು ರೋಗಕ್ಕೆ, ಅತಿಯಾಗಿ ಕಡೆಯುವುದಕ್ಕೆ. ಬಲೆಯ ಎಳೆಗಳ ನಡುವೆ ಗಂಧಕದ ಗಂಟುಗಳೂ ಬೀಳುತ್ತವೆ. ಗಂಟುಗಳು ಮಿತಿಮೀರಿದರೆ ಬಲೆ ಬಿಗಿದು ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ಆಗ ನೊರೆಯ ಹೊಳಪು ಹೋಗಿ ಅದು ಉದುರುಉದುರಾಗುತ್ತದೆ, ಬಟ್ಟಲ ತಳದಲ್ಲಿ ನೀರು ಸೇರುತ್ತದೆ. ಹುಳಿ ಈ ಗಂಟುಗಳನ್ನು ನಿಧಾನಿಸುತ್ತದೆ. ಹಳೆಯ ಕಾಲದ ತಾಮ್ರದ ಬಟ್ಟಲು ಮಾಡುತ್ತಿದ್ದುದೂ ಬೇರೆ ದಾರಿಯಲ್ಲಿ ಇದೇ ಕೆಲಸ. ಚಿಟಿಕೆ ಉಪ್ಪು ಹಾಕಿದರೆ ನೊರೆ ಗಟ್ಟಿ ಎಂಬ ಮಾತು ಮಾತ್ರ ತಿರುವುಮುರುವು, ಉಪ್ಪು ನೊರೆಯನ್ನು ಸಡಿಲಗೊಳಿಸುತ್ತದೆ.

ಹಾಗಾದರೆ ಸ್ಪಾಂಜ್ ಕೇಕಿಗೆ ಹಳದಿಯ ಮಿಶ್ರಣವನ್ನೇ ನೊರೆಗೆ ಬೆರೆಸುತ್ತೇವಲ್ಲ, ಅದು ಯಾಕೆ ಕೆಡುವುದಿಲ್ಲ? ಇಲ್ಲಿ ಯಾರು ಮೊದಲು ಬಂದರು ಎಂಬುದೇ ನಿರ್ಣಾಯಕ. ನೊರೆ ಎದ್ದ ಮೇಲೆ ಗಡಿಯ ತುಂಬ ಬಿಚ್ಚಿಕೊಂಡ ಪ್ರೋಟೀನ್ ಒಂದಕ್ಕೊಂದು ಹೆಣೆದುಕೊಂಡು ಕೂತಿರುತ್ತದೆ, ಅದನ್ನು ಎಬ್ಬಿಸುವುದು ಜಿಡ್ಡಿಗೆ ಸುಲಭವಲ್ಲ. ಆದರೆ ಅಸಾಧ್ಯವೂ ಅಲ್ಲ, ಹೊತ್ತು ಸಿಕ್ಕರೆ ಎಬ್ಬಿಸಿಯೇ ಬಿಡುತ್ತದೆ. ಆದ್ದರಿಂದ ನೊರೆಯ ಮೂರನೇ ಒಂದು ಪಾಲನ್ನು ಮೊದಲು ಹಳದಿಯ ಮಿಶ್ರಣಕ್ಕೆ ಸೇರಿಸಿ ಅದನ್ನು ಸಡಿಲ ಮಾಡಿಕೊಳ್ಳಿ, ಉಳಿದದ್ದನ್ನು ಚಪ್ಪಟೆ ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ಮಗುಚುತ್ತಾ ಬೆರೆಸಿ, ಕೂಡಲೇ ಒಲೆಗೆ ಕೊಡಿ. ಓವನ್ ಮೊದಲೇ ಕಾದಿರಬೇಕು. ಬೆರೆಸಿದ ಮೇಲೆ ಓವನ್ ಹಚ್ಚುವವರ ಕೇಕ್ ಚಪ್ಪಟೆಯಾದರೆ ತಪ್ಪು ಮೊಟ್ಟೆಯದಲ್ಲ.

ಆಮೇಲಿನದು ಬಿಸಿಯ ಕೆಲಸ. ಕಡೆದಾಗ ನೇಯ್ದ ಬಲೆ ತಾತ್ಕಾಲಿಕ, ಅದನ್ನು ಕಾಯಂ ಮಾಡುವುದು ಶಾಖ. ಬಿಳಿಯ ಪ್ರೋಟೀನ್‌ಗಳಲ್ಲಿ ಓವೊಟ್ರಾನ್ಸ್‌ಫೆರಿನ್ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಹೆಪ್ಪುಗಟ್ಟತೊಡಗುತ್ತದೆ, ಆದರೆ ಅದು ಎಂಟರಲ್ಲಿ ಒಂದು ಪಾಲಿನಷ್ಟೇ. ಅರ್ಧಕ್ಕಿಂತ ಹೆಚ್ಚಿರುವ ಓವಾಲ್ಬ್ಯುಮಿನ್ ಗಟ್ಟಿಯಾಗಲು 80 ಡಿಗ್ರಿಯ ಆಸುಪಾಸು ಬೇಕು. ಸಕ್ಕರೆ ಬೆರೆತಿದ್ದರೆ ಇನ್ನೂ ಕೆಲವು ಡಿಗ್ರಿ ಮೇಲೆ. ಅಷ್ಟರೊಳಗೆ ಗುಳ್ಳೆಯ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ನೀರಾವಿಯೂ ಸೇರುತ್ತದೆ, ಬಲೆ ಅದಕ್ಕೆ ತಕ್ಕಂತೆ ಹಿಗ್ಗಬೇಕು. ಅತಿಯಾಗಿ ಕಡೆದ ನೊರೆಗೆ ಹಿಗ್ಗುವ ಗುಣ ಉಳಿದಿರುವುದಿಲ್ಲ, ಜಿಡ್ಡು ಸೇರಿದ ನೊರೆ 80 ಡಿಗ್ರಿ ಮುಟ್ಟುವವರೆಗೆ ಬದುಕುವುದೇ ಇಲ್ಲ. ಎರಡೂ ಕೇಕಿನಲ್ಲಿ ಕುಸಿತವೇ ಕಾಣುತ್ತದೆ. ಗುರುತು ಹಿಡಿಯಬೇಕಾದರೆ ತುಂಡು ಮಾಡಿ ನೋಡಿ: ಒಣಕಲು ಗಂಟುಗಳಿದ್ದರೆ ಹೆಚ್ಚು ಕಡೆದದ್ದು, ತಳದಲ್ಲಿ ರಬ್ಬರಿನಂಥ ಒತ್ತು ಪದರವಿದ್ದರೆ ಒಲೆಗೆ ಹೋಗುವ ಮೊದಲೇ ಗುಳ್ಳೆ ಒಡೆದು ನೀರು ಕೆಳಗಿಳಿದದ್ದು.

ಹಳದಿ ಬೆರೆತ ಆ 120 ಗ್ರಾಂ ಬಿಳಿಯನ್ನು ಚೆಲ್ಲಬೇಕಿಲ್ಲ. ಜಿಡ್ಡು ಕೆಡಿಸಿದ್ದು ಗಾಳಿಯ ಗಡಿಯಲ್ಲಿನ ನೇಯ್ಗೆಯನ್ನು ಮಾತ್ರ. ನೀರಿನೊಳಗೆ ಉಳಿದ ಹನ್ನೆರಡು ಗ್ರಾಂ ಪ್ರೋಟೀನ್ ಹಾಗೇ ಇದೆ, ಬಿಸಿಗೆ ಎಂದಿನಂತೆ ಹೆಪ್ಪುಗಟ್ಟುತ್ತದೆ. ಎರಡು ಇಡೀ ಮೊಟ್ಟೆ ಸೇರಿಸಿ ಆಮ್ಲೆಟ್ ಹಾಕಿದರೆ ಆ ತೊಟ್ಟು ಹಳದಿ ಎಲ್ಲಿತ್ತೆಂಬುದೇ ಗೊತ್ತಾಗುವುದಿಲ್ಲ.